ಅಂಗಡಿ ಎಲ್ಲರದು, ಕಾಗದ ಯಾರದು?

ಬ್ಯಾಡಗಿ ಪೇಟೆಯ ಒಂದು ಖಾರದಪುಡಿ ಗಿರಣಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮನೆತನ ಕಲ್ಪಿತ, ಆದರೆ ಅವರ ಕಾಗದಪತ್ರದ ಸ್ಥಿತಿ ಯಾವ ಊರಿನ ಪೇಟೆಯಲ್ಲಾದರೂ ಕಾಣಸಿಗುವಂಥದು. ತಂದೆಗೆ ಅರವತ್ತೈದು ದಾಟಿದೆ. ಹಿರಿಯ ಮಗನದು ಖರೀದಿ. ಕಡ್ಡಿ ಯಾವುದು, ಡಬ್ಬಿ ಯಾವುದು ನೋಡಿ ದಲಾಲಿ ಅಂಗಡಿಗಳಲ್ಲಿ ಮಾಲು ಹಿಡಿಯುವುದು, ಸುಗ್ಗಿಯಲ್ಲಿ ಕೊಂಡ ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕುವುದು ಅವನ ಕೆಲಸ. ಕಿರಿಯವನು ಗಿರಣಿ ಮತ್ತು ಪ್ಯಾಕಿಂಗ್ ನೋಡಿಕೊಂಡು ಹುಬ್ಬಳ್ಳಿ, ದಾವಣಗೆರೆಯ ಅಂಗಡಿಗಳಿಂದ ವಸೂಲಿ ತರುತ್ತಾನೆ. ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದಾರೆ. ವರ್ಷದ ವಹಿವಾಟು ಒಂದೂವರೆ ಕೋಟಿ, ಖರ್ಚು ಕಳೆದು ಉಳಿಯುವುದು 15 ಲಕ್ಷ. ಬ್ಯಾಂಕಿನಲ್ಲಿ 40 ಲಕ್ಷದ ಸಿ.ಸಿ. ಸಾಲವಿದೆ, ಅದಕ್ಕೆ ಇರುವ ಮನೆಯೇ ಅಡಮಾನ.

ಈ ಅಂಗಡಿ ಯಾರದು ಎಂದು ಊರಲ್ಲಿ ಕೇಳಿದರೆ ‘ಅಪ್ಪ-ಮಕ್ಕಳದು’ ಎನ್ನುತ್ತಾರೆ. ಜಿಎಸ್‌ಟಿ ಪ್ರಮಾಣಪತ್ರ, ಪುರಸಭೆಯ ಪರವಾನಗಿ, ಆಹಾರ ಸುರಕ್ಷತೆಯ ಲೈಸೆನ್ಸು, ಉದ್ಯಮ್ ನೋಂದಣಿ, ಬ್ಯಾಂಕ್ ಖಾತೆ, ಪೊಟ್ಟಣದ ಮೇಲಿನ ಟ್ರೇಡ್‌ಮಾರ್ಕ್ ಇವೆಲ್ಲವನ್ನೂ ಮೇಜಿನ ಮೇಲೆ ಹರಡಿ ನೋಡಿದರೆ ಕಾಣುವುದು ತಂದೆಯ ಹೆಸರೊಂದೇ. ಕಾನೂನಿನ ಕಣ್ಣಿಗೆ ಇದು ಏಕಮಾಲೀಕತ್ವ, ಪೇಟೆಯ ಮಾತಿನಲ್ಲಿ ಪ್ರೊಪ್ರೈಟರ್‌ಶಿಪ್. ಹದಿನೈದು ವರ್ಷ ಬೆವರು ಸುರಿಸಿದ ಮಕ್ಕಳು ಅಲ್ಲಿ ಪಾಲುದಾರರಲ್ಲ. ಸಂಬಳದ ಲೆಕ್ಕವಿದ್ದರೆ ಅವರು ನೌಕರರು, ಇಲ್ಲದಿದ್ದರೆ ಅದೂ ಅಲ್ಲ.

ಒಟ್ಟು ಕುಟುಂಬ ಎಂದ ಮೇಲೆ ವ್ಯಾಪಾರವೂ ಒಟ್ಟಿನದೇ ತಾನೆ ಎಂದು ಹಲವರು ನಂಬಿದ್ದಾರೆ. ನ್ಯಾಯಾಲಯ ಹಾಗೆ ನೋಡುವುದಿಲ್ಲ. ಮೈಸೂರಿನ ಒಂದು ಮೊಕದ್ದಮೆಯಲ್ಲಿ 1968ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಕುಟುಂಬದ ಒಬ್ಬ ಸದಸ್ಯನ ಹೆಸರಿನಲ್ಲಿರುವ ವ್ಯಾಪಾರವನ್ನು, ಅವನು ಮನೆಯ ಯಜಮಾನನೇ ಆಗಿದ್ದರೂ, ಒಟ್ಟು ಕುಟುಂಬದ್ದು ಎಂದು ತಾನಾಗಿ ಭಾವಿಸಿಕೊಳ್ಳಲು ಬರುವುದಿಲ್ಲ. ಹಾಗೆಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು. ಅಂದರೆ ಕಿರ್ದಿ, ಖಾತೆ, ಬಂಡವಾಳದ ಮೂಲ ಎಲ್ಲವನ್ನೂ ಹುಡುಕಿ ತೆಗೆಯಬೇಕು.

ಏಕಮಾಲೀಕತ್ವ ಕೆಟ್ಟದ್ದು ಎಂದಲ್ಲ. ಒಬ್ಬರೇ ದುಡಿಯುವ, ಸಾಲ ಕಡಿಮೆ ಇರುವ ಅಂಗಡಿಗೆ ಅದಕ್ಕಿಂತ ಸರಳವಾದದ್ದು ಬೇರೆ ಇಲ್ಲ. ಸಂಸ್ಥೆ ಎಂದು ಪ್ರತ್ಯೇಕವಾಗಿ ನೋಂದಾಯಿಸಬೇಕಿಲ್ಲ, ಮಾಲೀಕನ ಪ್ಯಾನ್ ಸಂಖ್ಯೆಯೇ ವ್ಯಾಪಾರದ ಪ್ಯಾನ್ ಸಂಖ್ಯೆ, ಗಲ್ಲೆಯ ದುಡ್ಡು ಮನೆಗೆ ಒಯ್ದರೆ ಕೇಳುವವರಿಲ್ಲ. ನಿಲ್ಲಿಸಬೇಕೆಂದರೆ ಬಾಕಿ ತೀರಿಸಿ ಲೈಸೆನ್ಸುಗಳನ್ನು ಮರಳಿಸಿದರೆ ಮುಗಿಯಿತು. ತೊಂದರೆ ಬರುವುದು ಮಾಲೀಕ ತೀರಿಕೊಂಡ ದಿನ. ವ್ಯಾಪಾರ ಮತ್ತು ಮನುಷ್ಯ ಕಾನೂನಿಗೆ ಒಂದೇ ಆದ್ದರಿಂದ ಒಂದು ಹೋದರೆ ಇನ್ನೊಂದೂ ಹೋಯಿತು.

ನಮ್ಮ ಗಿರಣಿಯಲ್ಲಿ ಅಂಥ ದಿನ ಸುಗ್ಗಿಯ ನಡುವೆ, ಫೆಬ್ರುವರಿಯಲ್ಲಿ ಬಂತು ಎಂದುಕೊಳ್ಳಿ. ಸಾವಿನ ಸುದ್ದಿ ಬ್ಯಾಂಕಿಗೆ ತಿಳಿದ ಕೂಡಲೇ ಸಿ.ಸಿ. ಖಾತೆಯಿಂದ ಹಣ ತೆಗೆಯುವುದು ನಿಲ್ಲುತ್ತದೆ. ತಂದೆ ಬರೆದಿಟ್ಟ ಚೆಕ್ಕುಗಳಿಗೆ ಬೆಲೆ ಇಲ್ಲ. ಮಾಲು ಹಿಡಿಯಲು ದುಡ್ಡು ಬೇಕಾದ ಹೊತ್ತಿನಲ್ಲೇ ದುಡ್ಡು ಬಂದ್. ಜಿಎಸ್‌ಟಿಗೆ ವಾರಸುದಾರ ತನ್ನ ಪ್ಯಾನ್ ಮೇಲೆ ಹೊಸ ನೋಂದಣಿ ಪಡೆಯಬೇಕು, ಹಳೆಯದರಲ್ಲಿ ಉಳಿದ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಿಕೊಳ್ಳಬೇಕು. ವ್ಯಾಪಾರ ಮುಂದುವರಿಸಿದವನ ತಲೆಗೆ ತಂದೆಯ ಹಳೆಯ ಜಿಎಸ್‌ಟಿ ಬಾಕಿಯೂ ಬರುತ್ತದೆ. ಉಳಿದ ಲೈಸೆನ್ಸುಗಳನ್ನೂ ಒಂದೊಂದಾಗಿ ಬದಲಿಸಬೇಕು.

ಇದೆಲ್ಲ ಓಡಾಟದ ಮಾತು, ಒಂದೆರಡು ತಿಂಗಳಲ್ಲಿ ಮುಗಿಯಬಹುದು. ಮುಗಿಯದ ವಿಷಯ ಬೇರೆ. ಉಯಿಲು ಇಲ್ಲದೆ ತೀರಿಕೊಂಡ ಹಿಂದೂ ತಂದೆಯ ಸ್ವಂತ ಆಸ್ತಿಯಲ್ಲಿ ಹೆಂಡತಿಗೆ ಮತ್ತು ಮಕ್ಕಳಿಗೆ ಸಮಪಾಲು. ಯಂತ್ರ, ಮೆಣಸಿನಕಾಯಿ ದಾಸ್ತಾನು, ಬರಬೇಕಾದ ಬಾಕಿ, ಟ್ರೇಡ್‌ಮಾರ್ಕ್ ಎಲ್ಲ ಸೇರಿ ನಾಲ್ಕು ಭಾಗ: ತಾಯಿಗೆ ಒಂದು, ಗಂಡುಮಕ್ಕಳಿಗೆ ಒಂದೊಂದು, ರಾಣೆಬೆನ್ನೂರಿನ ಮಗಳಿಗೆ ಒಂದು. ಹಗಲಿರುಳು ಗಿರಣಿಯಲ್ಲಿದ್ದವನಿಗೂ ಹಬ್ಬಕ್ಕೆ ಬಂದು ಹೋಗುವವಳಿಗೂ ಒಂದೇ ಅಳತೆ. ಮಗಳಿಗೆ ಪಾಲು ಹೋಗಬಾರದು ಎಂದು ಹೇಳುತ್ತಿಲ್ಲ, ಅದು ಅವಳ ಹಕ್ಕು. ದುಡಿಮೆಯ ಫಲ ಮತ್ತು ತಂದೆಯ ಆಸ್ತಿ ಬೇರೆ ಬೇರೆ ಎಂದು ತೋರಿಸುವ ಒಂದು ಕಾಗದವೂ ಇಲ್ಲದ ಕಡೆ ಅಣ್ಣ-ತಂಗಿ ಇಬ್ಬರಿಗೂ ತಾವೇ ಮೋಸಹೋದೆವು ಎನಿಸುತ್ತದೆ. ಖಾತೆಗೆ ನಾಮಿನಿ ಹಾಕಿದ್ದೇವಲ್ಲ ಎಂಬ ಸಮಾಧಾನವೂ ಸಾಲದು. ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆದುಕೊಳ್ಳಬಲ್ಲ, ಅಷ್ಟರಿಂದ ಅದರ ಒಡೆಯನಾಗುವುದಿಲ್ಲ.

ಹೀಗಾಗಿ ಇಬ್ಬರು ಮಕ್ಕಳು ನಿಜವಾಗಿ ದುಡಿಯುತ್ತಿರುವ ಮನೆಗೆ ಮೊದಲು ಹೊಳೆಯಬೇಕಾದದ್ದು ಪಾಲುದಾರಿಕೆ. ಇದಕ್ಕೆ 1932ರ ಪಾಲುದಾರಿಕೆ ಕಾಯ್ದೆಯೇ ಇಂದಿಗೂ ಆಧಾರ. ಆ ಕಾಯ್ದೆಯ ಒಂದು ಗುಣವನ್ನು ತಿಳಿದಿರಬೇಕು: ನೀವು ಬರೆದುಕೊಳ್ಳದೆ ಬಿಟ್ಟದ್ದನ್ನು ಅದು ತಾನೇ ತುಂಬುತ್ತದೆ, ಮತ್ತು ತುಂಬುವ ರೀತಿ ನಿಮಗೆ ಹಿಡಿಸದೆ ಹೋಗಬಹುದು. ಲಾಭದ ಪ್ರಮಾಣ ಬರೆಯದಿದ್ದರೆ ಎಲ್ಲರಿಗೂ ಸಮ. ಸಂಬಳದ ಮಾತು ಬರೆಯದಿದ್ದರೆ ದುಡಿಯುವ ಪಾಲುದಾರನಿಗೂ ಸಂಬಳವಿಲ್ಲ. ಅವಧಿ ಬರೆಯದಿದ್ದರೆ ಒಬ್ಬ ಪಾಲುದಾರ ಉಳಿದವರಿಗೆ ಒಂದು ನೋಟಿಸು ಕೊಟ್ಟು ಸಂಸ್ಥೆಯನ್ನೇ ವಿಸರ್ಜಿಸಬಹುದು. ಸಾವಿನ ಬಗ್ಗೆ ಬರೆಯದಿದ್ದರೆ ಒಬ್ಬ ಪಾಲುದಾರ ತೀರಿಕೊಂಡಾಗ ಸಂಸ್ಥೆಯೂ ಮುಗಿಯುತ್ತದೆ.

ಈ ಕೊನೆಯದರಲ್ಲಿ ಎಷ್ಟೋ ಜನ ಎಡವುವ ಒಂದು ಸೂಕ್ಷ್ಮವಿದೆ. ‘ಒಬ್ಬರು ತೀರಿಕೊಂಡರೂ ಸಂಸ್ಥೆ ಮುಂದುವರಿಯತಕ್ಕದ್ದು’ ಎಂಬ ಸಾಲು ಪತ್ರದಲ್ಲಿದ್ದರೂ, ಪಾಲುದಾರರು ಇಬ್ಬರೇ ಇದ್ದರೆ ಅದು ಕೆಲಸಕ್ಕೆ ಬಾರದು. ಒಬ್ಬನೇ ಉಳಿದ ಮೇಲೆ ಪಾಲುದಾರಿಕೆ ಯಾರ ಜೊತೆ? ಅದಕ್ಕೇ ಅಣ್ಣತಮ್ಮಂದಿರು ಇಬ್ಬರೇ ಸಂಸ್ಥೆ ಮಾಡಿಕೊಳ್ಳುವ ಬದಲು ತಂದೆ ಅಥವಾ ತಾಯಿಯನ್ನೋ, ವ್ಯವಹಾರ ಬಲ್ಲ ಸೊಸೆಯನ್ನೋ ಸೇರಿಸಿ ಮೂವರಾಗುವುದು ಒಳ್ಳೆಯದು. ಸಣ್ಣ ಪಾಲು ಕೊಟ್ಟರೂ ಸಾಕು.

ಪತ್ರ ಬರೆಸಿದ ಮೇಲೆ ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಬಳಿ ನೋಂದಣಿ ಮಾಡಿಸಬೇಕೆ? ಕಾನೂನು ಕಡ್ಡಾಯ ಮಾಡಿಲ್ಲ. ಛಾಪಾ ಕಾಗದದ ಮೇಲೆ ಡೀಡ್ ಬರೆಸಿ, ಪ್ಯಾನ್ ಮಾಡಿಸಿ, ಬ್ಯಾಂಕ್ ಖಾತೆ ತೆರೆದು ಅಲ್ಲಿಗೇ ನಿಲ್ಲುವವರೇ ಹೆಚ್ಚು. ಆದರೆ ನೋಂದಣಿಯಾಗದ ಸಂಸ್ಥೆ ತನ್ನ ಕರಾರಿನ ಬಾಕಿ ವಸೂಲಿಗೆ ಸಿವಿಲ್ ದಾವೆ ಹೂಡುವಂತಿಲ್ಲ. ದಾವಣಗೆರೆಯ ಅಂಗಡಿಯವನು ಆರು ಲಕ್ಷದ ಉದ್ರಿ ಕೊಡದೆ ಸತಾಯಿಸಿದರೆ ಅವನ ವಕೀಲರು ಮೊದಲು ಎತ್ತುವ ತಕರಾರೇ ಇದು. ಸಂಸ್ಥೆಯ ಮೇಲೆ ಮಾತ್ರ ಯಾರು ಬೇಕಾದರೂ ದಾವೆ ಹೂಡಬಹುದು.

ಇನ್ನು ಪಾಲುದಾರಿಕೆಯ ದೊಡ್ಡ ಅಪಾಯ. ಇಲ್ಲಿ ಪ್ರತಿ ಪಾಲುದಾರನೂ ಉಳಿದವರ ಪ್ರತಿನಿಧಿ. ಹಿರಿಯ ಮಗ ಬೆಲೆ ಏರುತ್ತದೆಂದು ನಂಬಿ ದಲಾಲಿ ಅಂಗಡಿಯಿಂದ 25 ಲಕ್ಷದ ಕಾಯಿ ಉದ್ರಿ ಎತ್ತಿದ. ಮೇ ತಿಂಗಳಿಗೆ ದರ ಕುಸಿಯಿತು. ತಮ್ಮನಿಗೆ ಈ ಖರೀದಿ ಗೊತ್ತೇ ಇರಲಿಲ್ಲ ಎಂಬುದು ದಲಾಲರಿಗೆ ಸಂಬಂಧಿಸಿದ್ದಲ್ಲ. ಸಂಸ್ಥೆಯ ಆಸ್ತಿ ಸಾಲದೆ ಹೋದರೆ ಯಾವ ಪಾಲುದಾರನ ಸ್ವಂತ ಆಸ್ತಿಯಿಂದಲಾದರೂ ಪೂರ್ತಿ ಬಾಕಿ ವಸೂಲು ಮಾಡಬಹುದು. ತಮ್ಮನ ಪಾಲು ಶೇ 40 ಎಂದರೆ ಅವನ ಹೊಣೆಯೂ ಶೇ 40 ಎಂದಲ್ಲ. ಪೂರ್ತಿ ಕೊಟ್ಟು, ಆಮೇಲೆ ಅಣ್ಣನಿಂದ ವಸೂಲು ಮಾಡಿಕೊಳ್ಳಬೇಕು. ಹಾಗಾಗಿ ಡೀಡ್‌ನಲ್ಲಿ ಇಂತಿಷ್ಟು ಮೊತ್ತ ಮೀರಿದ ಖರೀದಿಗೂ ಚೆಕ್ಕಿಗೂ ಇಬ್ಬರ ಸಹಿ ಎಂದು ಬರೆದು, ಅದನ್ನು ಬ್ಯಾಂಕಿಗೂ ದೊಡ್ಡ ದಲಾಲಿ ಅಂಗಡಿಗಳಿಗೂ ಲಿಖಿತವಾಗಿ ತಿಳಿಸಬೇಕು. ಒಳಗೊಳಗೇ ಬರೆದಿಟ್ಟುಕೊಂಡ ಮಿತಿ, ಅದು ಗೊತ್ತಿಲ್ಲದೆ ಮಾಲು ಕೊಟ್ಟವನನ್ನು ಕಟ್ಟಿಹಾಕುವುದಿಲ್ಲ.

ಹೊರಹೋಗುವವನಿಗೂ ಒಂದು ಎಚ್ಚರಿಕೆ. ಪಾಲುದಾರಿಕೆ ಬಿಟ್ಟು ಬೆಂಗಳೂರು ಸೇರಿದ ತಮ್ಮ, ಬಿಟ್ಟದ್ದನ್ನು ಸಾರ್ವಜನಿಕವಾಗಿ ತಿಳಿಸದಿದ್ದರೆ ಆಮೇಲಿನ ಸಾಲಕ್ಕೂ ಸಿಕ್ಕಿಬೀಳಬಹುದು. ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರ್‌ಗೆ ನೋಟಿಸು, ರಾಜ್ಯಪತ್ರದಲ್ಲಿ ಮತ್ತು ಸ್ಥಳೀಯ ಭಾಷೆಯ ಪತ್ರಿಕೆಯೊಂದರಲ್ಲಿ ಪ್ರಕಟಣೆ, ಮೂರೂ ಆಗಬೇಕು. ಪತ್ರಿಕೆಯ ಮೂಲೆಯಲ್ಲಿ ಕಾಣುವ ‘ನಾನು ಇಂಥ ಸಂಸ್ಥೆಯಿಂದ ನಿವೃತ್ತನಾಗಿದ್ದೇನೆ’ ಎಂಬ ಸಣ್ಣ ಜಾಹೀರಾತಿನ ಹಿಂದಿರುವುದು ಇದೇ.

ಹೊಣೆ ಇಷ್ಟು ಭಾರವಾದರೆ ಪ್ರೈವೇಟ್ ಲಿಮಿಟೆಡ್ ಮಾಡಿಬಿಡೋಣ ಎನ್ನುವವರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಮಾಡುವುದು ಕಷ್ಟವಲ್ಲ. ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಸಾಕು, ಅವರೇ ಇವರೂ ಆಗಬಹುದು. ಕನಿಷ್ಠ ಬಂಡವಾಳದ ಷರತ್ತು 2015ರಲ್ಲೇ ಹೋಯಿತು. ಕಂಪನಿಯ ನಿಜವಾದ ಲಾಭ ಎರಡು. ಅದು ಮನುಷ್ಯರಿಂದ ಬೇರೆಯಾದ ವ್ಯಕ್ತಿ, ಆದ್ದರಿಂದ ತಂದೆ ತೀರಿಕೊಂಡರೂ ಖಾತೆ, ಜಿಎಸ್‌ಟಿ, ಲೈಸೆನ್ಸು ಹಾಗೆಯೇ ಉಳಿಯುತ್ತವೆ. ಷೇರು ಮಾತ್ರ ವಾರಸುದಾರರಿಗೆ ಹೋಗುತ್ತದೆ. ಎರಡನೆಯದು, ಕಂಪನಿಯ ಸಾಲಕ್ಕೆ ಷೇರುದಾರನ ಹೊಣೆ ಅವನ ಷೇರಿನ ಮೊತ್ತಕ್ಕೆ ಸೀಮಿತ.

ಈ ‘ಸೀಮಿತ’ ಎಂಬುದು ಪೇಟೆಯಲ್ಲಿ ಎಷ್ಟು ನಿಲ್ಲುತ್ತದೆ ನೋಡಿ. ಸಿ.ಸಿ. ಸಾಲ ಕೊಡುವ ಬ್ಯಾಂಕು ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಳ್ಳುತ್ತದೆ, ಮನೆಯ ಅಡಮಾನವನ್ನೂ ಬಿಡುವುದಿಲ್ಲ. ಹಳೆಯ ದಲಾಲರು ‘ಕಂಪನಿ ಗಿಂಪನಿ ಬ್ಯಾಡ, ನಿಮ್ಮ ಸ್ವಂತ ಚೆಕ್ ಕೊಡ್ರಿ’ ಎನ್ನಬಹುದು. ಕಂಪನಿಯ ಚೆಕ್ಕೇ ಕೊಟ್ಟರೂ ಅದು ಮರಳಿದಾಗ ಸಹಿ ಹಾಕಿದ ನಿರ್ದೇಶಕನ ಮೇಲೆಯೂ ಕ್ರಿಮಿನಲ್ ಕೇಸು ಬರುತ್ತದೆ. ಇಷ್ಟರ ಹೊರತಾಗಿ ಉಳಿದ ಉದ್ರಿ ಸಾಲಗಾರರಿಂದ, ಪುಡಿ ಸರಿಯಿಲ್ಲವೆಂದು ನಷ್ಟ ಕೇಳುವ ದೊಡ್ಡ ಖರೀದಿದಾರರಿಂದ ಕಂಪನಿ ಕಾಪಾಡುತ್ತದೆ. ಅದು ಸಣ್ಣ ರಕ್ಷಣೆಯಲ್ಲ. ಆದರೆ ಮನೆ ಉಳಿಸಲು ಕಂಪನಿ ಮಾಡಿ, ಅದೇ ಮನೆಯ ಮೇಲೆ ಜಾಮೀನು ಕೊಟ್ಟವನಿಗೆ ಉಳಿದದ್ದೇನು ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು.

ನನ್ನ ಪ್ರಕಾರ ಕುಟುಂಬದವರಿಗೆ ಕಂಪನಿ ಒಗ್ಗದಿರುವುದು ಶುಲ್ಕದಿಂದಲ್ಲ, ಗಲ್ಲೆಯಿಂದ. ಕಂಪನಿಯ ದುಡ್ಡು ಕಂಪನಿಯದು. ಮಗಳ ಸೀಮಂತಕ್ಕೆಂದು ಗಲ್ಲೆಯಿಂದ ಎರಡು ಲಕ್ಷ ತೆಗೆದರೆ ಅದು ಸಂಬಳವಾಗಿರಬೇಕು, ಇಲ್ಲವೇ ಲಾಭಾಂಶ. ಎರಡೂ ಅಲ್ಲದಿದ್ದರೆ ನಿರ್ದೇಶಕನಿಗೆ ಕಂಪನಿ ಕೊಟ್ಟ ಸಾಲ. ಅಂಥ ಸಾಲಕ್ಕೆ ಕಂಪನಿ ಕಾಯ್ದೆಯಲ್ಲಿ ತಡೆ ಇದೆ, ಆದಾಯ ತೆರಿಗೆಯವರು ಅದನ್ನೇ ಲಾಭಾಂಶವೆಂದು ಪರಿಗಣಿಸಿ ತೆರಿಗೆ ಹಾಕಬಹುದು. ಜೊತೆಗೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನಷ್ಟವೇ ಆಗಿರಲಿ, ಪ್ರತಿ ವರ್ಷ ಆಡಿಟ್ ಆಗಲೇಬೇಕು. ಲೆಕ್ಕಪತ್ರದ್ದೊಂದು, ವಾರ್ಷಿಕ ವಿವರದ್ದೊಂದು ಎಂದು ಎರಡು ನಮೂನೆ ಸಲ್ಲಿಸಬೇಕು. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಒಂದು ವರ್ಷ ಮರೆತರೆ ಎರಡೂ ಸೇರಿ 73,000. ಮೂರು ವರ್ಷ ಸತತ ಮರೆತರೆ ನಿರ್ದೇಶಕರು ಐದು ವರ್ಷಕ್ಕೆ ಅನರ್ಹರು. ಹೆಸರಿಗೊಂದು ಕಂಪನಿ ಇರಲಿ ಎಂದು ಮಾಡಿಟ್ಟು ಸುಮ್ಮನಿದ್ದವರು ಸಿಕ್ಕಿಕೊಳ್ಳುವುದು ಇಲ್ಲೇ.

ಅಣ್ಣತಮ್ಮಂದಿರ ಕಂಪನಿಯಲ್ಲಿ ಷೇರು ಹಂಚುವಾಗಲೂ ಎಚ್ಚರ ಬೇಕು. ಅರ್ಧ-ಅರ್ಧ ಮಾಡಿದರೆ ಜಗಳದ ದಿನ ಯಾವ ನಿರ್ಣಯವೂ ಪಾಸಾಗುವುದಿಲ್ಲ. ಎಪ್ಪತ್ತು-ಮೂವತ್ತು ಮಾಡಿದರೆ ಮೂವತ್ತರವನು ಹೊರಗೆ ಮಾರಲೂ ಆಗದೆ, ಲಾಭಾಂಶವೂ ಬಾರದೆ ಕೂರಬಹುದು. ಪಾಲುದಾರಿಕೆಯಲ್ಲಿ ಒಂದು ನೋಟಿಸಿನಿಂದ ಬಿಡಿಸಿಕೊಳ್ಳಬಹುದಾದ ಗಂಟನ್ನು ಇಲ್ಲಿ ಬಿಡಿಸಲು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯವರೆಗೆ ಹೋಗಬೇಕಾದೀತು. (ಎಲ್‌ಎಲ್‌ಪಿ ಎಂಬ ನಡುದಾರಿಯೂ 2008ರ ಕಾಯ್ದೆಯಿಂದ ಇದೆ. ಹೊಣೆ ಕಂಪನಿಯಂತೆ ಸೀಮಿತ, ತೆರಿಗೆ ಪಾಲುದಾರಿಕೆಯಂತೆ. ಬ್ಯಾಂಕಿನ ಜಾಮೀನಿನ ಮಾತು ಮಾತ್ರ ಅಲ್ಲೂ ಅದೇ.)

ತೆರಿಗೆ ಉಳಿಯುತ್ತದೆ ಎಂದು ರೂಪ ಬದಲಿಸುವವರಿಗಾಗಿ ನಮ್ಮ ಗಿರಣಿಯ 15 ಲಕ್ಷವನ್ನೇ ಲೆಕ್ಕ ಹಾಕೋಣ. 2025-26ರ ಹೊಸ ಪದ್ಧತಿಯ ದರದಲ್ಲಿ ಅಷ್ಟೂ ತಂದೆಯ ಆದಾಯವಾದರೆ ತೆರಿಗೆ 1,09,200 ರೂಪಾಯಿ. ಅದೇ ತಂದೆ, ನಿಜವಾಗಿ ದುಡಿಯುವ ಮಕ್ಕಳಿಗೆ ತಲಾ ಮೂರು ಲಕ್ಷ ಸಂಬಳವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅವರ ಆದಾಯ 9 ಲಕ್ಷಕ್ಕೆ ಇಳಿಯುತ್ತದೆ. 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಪಾಲುದಾರಿಕೆಯಾದರೆ ಸಂಸ್ಥೆಗೆ ಸೆಸ್ ಸೇರಿ ಶೇ 31.2ರ ಒಂದೇ ದರ. ದುಡಿಯುವ ಪಾಲುದಾರರ ಸಂಬಳವೆಂದು ಇಲ್ಲಿ ಹೆಚ್ಚೆಂದರೆ 10 ಲಕ್ಷ 80 ಸಾವಿರ ಕಳೆಯಬಹುದು, ಅದೂ ಡೀಡ್‌ನಲ್ಲಿ ಬರೆದಿದ್ದರೆ. ಉಳಿದ 4 ಲಕ್ಷ 20 ಸಾವಿರಕ್ಕೆ ತೆರಿಗೆ ಸುಮಾರು 1 ಲಕ್ಷ 31 ಸಾವಿರ. ಅಷ್ಟೇ ಸಂಬಳ ಕೊಡುವ ಕಂಪನಿ, ಕಡಿಮೆ ದರದ ಪದ್ಧತಿ ಆಯ್ದುಕೊಂಡರೆ, ಸುಮಾರು 1 ಲಕ್ಷ 6 ಸಾವಿರ ಕಟ್ಟುತ್ತದೆ. ಆದರೆ ಉಳಿದದ್ದನ್ನು ಲಾಭಾಂಶವಾಗಿ ಮನೆಗೆ ತಂದರೆ ಅದು ಮತ್ತೆ ಪಡೆದವರ ಆದಾಯಕ್ಕೆ ಸೇರುತ್ತದೆ, ಆಡಿಟರ ಶುಲ್ಕ ಬೇರೆ. ಈ ಗಾತ್ರದ ವ್ಯಾಪಾರದಲ್ಲಿ ತೆರಿಗೆ ಉಳಿತಾಯವೆಂಬುದು ರೂಪ ಆರಿಸಲು ಕಾರಣವೇ ಅಲ್ಲ. ಲಾಭ 25-30 ಲಕ್ಷ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ.

ಸಹಕಾರ ಸಂಘದ ಮಾತು ಬೇಗ ಮುಗಿಯುತ್ತದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹಿಡಿದು, ಅಡಿಕೆ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಕ್ಯಾಂಪ್ಕೋವರೆಗೆ ಸಹಕಾರದ ಬಲ ನಮಗೆ ಗೊತ್ತಿದೆ. ಆದರೆ ಅದು ಕುಟುಂಬದ ವ್ಯಾಪಾರಕ್ಕೆ ಹೊಲಿದ ಅಂಗಿಯಲ್ಲ. 1959ರ ಸಹಕಾರ ಕಾಯ್ದೆಯಾಗಲಿ 1997ರ ಸೌಹಾರ್ದ ಕಾಯ್ದೆಯಾಗಲಿ ಕೇಳುವುದು ಕನಿಷ್ಠ ಹತ್ತು ಮಂದಿಯನ್ನು, ಅದೂ ಬೇರೆ ಬೇರೆ ಮನೆಯವರನ್ನು. ಹತ್ತು ಲಕ್ಷ ಹಾಕಿದವನಿಗೂ ಸಾವಿರ ಹಾಕಿದವನಿಗೂ ಒಂದೇ ಮತ. ಆಡಳಿತ ಮಂಡಳಿಗೆ ಚುನಾವಣೆ ನಡೆಯುತ್ತದೆ, ಲಾಭದ ಒಂದು ಭಾಗ ಮೀಸಲು ನಿಧಿಗೆ ಹೋಗಬೇಕು, ಲಾಭಾಂಶಕ್ಕೂ ಮಿತಿ. ತಂದೆ ಕಟ್ಟಿದ ಅಧಿಕಾರವನ್ನು ಮಗನಿಗೆ ಕೊಡುವ ದಾರಿ ಅಲ್ಲಿಲ್ಲ, ಇರಲೂಬಾರದು. ಇಂಥ ಗಿರಣಿಗಳು ಹತ್ತಿದ್ದು, ಒಂದೊಂದರಿಂದ ಪುಡಿಯ ಬಣ್ಣ-ಖಾರ ಅಳೆಯುವ ಲ್ಯಾಬ್ ಹಾಕಲಾಗದಿದ್ದಾಗ, ಆ ಹತ್ತೂ ಸೇರಿ ಲ್ಯಾಬಿಗಾಗಿ ಸಂಘ ಮಾಡಿಕೊಂಡರೆ ಅದು ಸರಿಯಾದ ಬಳಕೆ. ಆಗಲೂ ಒಂದೊಂದು ಗಿರಣಿ ತನ್ನ ತನ್ನ ರೂಪದಲ್ಲೇ ಇರುತ್ತದೆ.

ಹಾಗಾದರೆ ನಮ್ಮ ಬ್ಯಾಡಗಿ ಮನೆಗೆ ಯಾವುದು? ನೋಂದಾಯಿತ ಪಾಲುದಾರಿಕೆ, ತಂದೆ ಮತ್ತು ಇಬ್ಬರು ಮಕ್ಕಳು, ಮೂವರು. ಗಿರಣಿಯ ಕಟ್ಟಡವನ್ನು ಸಂಸ್ಥೆಗೆ ಸೇರಿಸದೆ ತಂದೆಯ ಹೆಸರಲ್ಲೇ ಇಟ್ಟು ಬಾಡಿಗೆ ಕರಾರು ಮಾಡಿಕೊಳ್ಳಲಿ. ಹಾಗೆ ಮಾಡಿದರೆ ದುಡಿಮೆ ಮಕ್ಕಳದು, ಕಟ್ಟಡ ನಾಲ್ವರು ವಾರಸುದಾರರದು ಎಂದು ಎರಡೂ ಬೇರೆಯಾಗುತ್ತವೆ. ತಂದೆ ಒಂದು ಉಯಿಲನ್ನೂ ಬರೆಯಲಿ. ಟ್ರೇಡ್‌ಮಾರ್ಕನ್ನು ಸಂಸ್ಥೆಗೆ ಬರೆದುಕೊಡಲಿ. ಯಾರಾದರೂ ಬಿಟ್ಟುಹೋದರೆ ಅವರ ಪಾಲಿಗೆ ಬೆಲೆ ಕಟ್ಟುವವರು ಯಾರು, ಹೇಗೆ, ಎಷ್ಟು ಕಂತಿನಲ್ಲಿ ಎಂಬುದು ಡೀಡ್‌ನಲ್ಲಿರಲಿ, ಯಾಕೆಂದರೆ ಜಗಳ ಶುರುವಾದ ಮೇಲೆ ಆ ಸಾಲನ್ನು ಯಾರೂ ಒಪ್ಪಿ ಬರೆಯುವುದಿಲ್ಲ. ಹೊರಗಿನವರು ಬಂಡವಾಳ ಹಾಕಲು ಮುಂದೆ ಬಂದಾಗ, ಅಥವಾ ದೊಡ್ಡ ಖರೀದಿದಾರರ ಕರಾರು ಕೈಗೆ ಬಂದಾಗ ಕಂಪನಿಯ ಯೋಚನೆ ಮಾಡಿದರಾಯಿತು.

ರೂಪ ಬದಲಿಸಿದರೆ ಪ್ಯಾನ್ ಬದಲಾಗುತ್ತದೆ, ಅದರ ಹಿಂದೆಯೇ ಜಿಎಸ್‌ಟಿ, ಲೈಸೆನ್ಸು, ಸಿ.ಸಿ. ಖಾತೆ ಎಲ್ಲವೂ ಹೊಸದಾಗಬೇಕು. ಲೆಕ್ಕಪರಿಶೋಧಕರು ಏಪ್ರಿಲ್ 1 ಅನುಕೂಲ ಎನ್ನುತ್ತಾರೆ. ಮೆಣಸಿನಕಾಯಿಯವರಿಗೆ ಆ ಹೊತ್ತಿಗೆ ದಾಸ್ತಾನೂ ಸಾಲವೂ ತುಂಬಿರುತ್ತವೆ. ಚೀಲ ಖಾಲಿಯಾಗಿರುವ ಅಕ್ಟೋಬರ್ ಅವರಿಗೆ ಮೇಲು. ಸಹಿ ಹಾಕುವ ಮೊದಲು ಡೀಡ್‌ನ ಕರಡನ್ನು ಮನೆಯಲ್ಲಿ ಎಲ್ಲರೆದುರು ಒಮ್ಮೆ ಗಟ್ಟಿಯಾಗಿ ಓದಿ. ರಾಣೆಬೆನ್ನೂರಿನ ಮಗಳನ್ನೂ ಅವತ್ತು ಕರೆಸಿಕೊಳ್ಳಿ.